ದುಬೈನ ಕಟ್ಟಡ ನಿರ್ವಹಣೆಯಿಂದ ಊರಿನ ಕೆಲಸಕ್ಕೆ: ಎಸಿ ಮತ್ತು ಎಲೆಕ್ಟ್ರಿಕಲ್ ತಂತ್ರಜ್ಞರಿಗೆ ಮಾರ್ಗದರ್ಶಿ

ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರಿನ ಕಡೆಯಿಂದ ಗಲ್ಫ್‌ಗೆ ಹೋದವರಲ್ಲಿ ಕಟ್ಟಡ ನಿರ್ವಹಣೆಯ ಕೆಲಸದಲ್ಲಿರುವವರು ಬಹಳ ಮಂದಿ ಇದ್ದಾರೆ. ಎಸಿ ತಂತ್ರಜ್ಞ, ಎಲೆಕ್ಟ್ರಿಷಿಯನ್, ಪ್ಲಂಬರ್ ಆಗಿ ಸೇರಿ, ಹತ್ತು ಹನ್ನೆರಡು ವರ್ಷಗಳಲ್ಲಿ ಸೂಪರ್‌ವೈಸರ್ ಆಗಿ ಮರಳುವವರು ಇವರು. ನಾನೂ ದುಬೈನಲ್ಲಿ ಇದೇ ಕೆಲಸದಲ್ಲಿದ್ದು ಊರಿಗೆ ಬಂದವನು. ಆಮೇಲೆ ನನ್ನಂತೆಯೇ ಮರಳಿದ ಕೆಲವು ಸ್ನೇಹಿತರಿಗೆ ಇಲ್ಲಿ ಕೆಲಸ ಹುಡುಕಲು ನೆರವಾಗಿದ್ದೇನೆ. ಅವರಲ್ಲಿ ಹೆಚ್ಚಿನವರು ಸೋತದ್ದು ಕೆಲಸ ಬಾರದೆ ಅಲ್ಲ. ತಮಗೆ ಬರುವ ಕೆಲಸವನ್ನು ತೋರಿಸುವ ಕಾಗದ ಅವರ ಕೈಯಲ್ಲಿರಲಿಲ್ಲ, ಇಲ್ಲಿನ ಕಟ್ಟಡಗಳು ಅಲ್ಲಿನವಕ್ಕಿಂತ ಎಲ್ಲಿ ಬೇರೆಯಾಗುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಈ ಲೇಖನ ಮುಖ್ಯವಾಗಿ ಈ ಎರಡು ವಿಷಯಗಳ ಕುರಿತಾದದ್ದು. ಸೌದಿ, ಕುವೈತ್, ಕತಾರ್‌ಗಳ ಕಾನೂನು ಬೇರೆಯಾದ್ದರಿಂದ, ಇಲ್ಲಿ ಹೇಳುವ ನಿಯಮಗಳನ್ನು ಯುಎಇಗೆ ಮಾತ್ರ ಅನ್ವಯಿಸಿಕೊಳ್ಳಬೇಕು.

ಹೆಜ್ಜೆ 1: ಕೊನೆಯ ರಜೆಯಲ್ಲಿ ಕೆಲಸದ ಜಾಗಗಳನ್ನು ನೋಡಿಬನ್ನಿ

ರಾಜೀನಾಮೆ ಕೊಟ್ಟ ಮೇಲೆ ಊರಿಗೆ ಬಂದು ಕೆಲಸ ಹುಡುಕುವುದು ವಾಡಿಕೆ. ಇದನ್ನು ತಿರುಗಿಸಿ ಮಾಡುವುದು ಒಳ್ಳೆಯದು. ಒಂದು ವರ್ಷ ಕೆಲಸ ಪೂರೈಸಿದವರಿಗೆ ಯುಎಇಯಲ್ಲಿ 30 ದಿನಗಳ ವಾರ್ಷಿಕ ರಜೆಯಿದೆ. ಆ ರಜೆಯಲ್ಲಿ ಮದುವೆ, ಗೃಹಪ್ರವೇಶಗಳ ನಡುವೆ ನಾಲ್ಕೈದು ದಿನಗಳನ್ನು ಬಿಡುವು ಮಾಡಿಕೊಂಡು, ಕೇಂದ್ರೀಯ ಹವಾನಿಯಂತ್ರಣ ಇರುವ ಕಟ್ಟಡಗಳಲ್ಲಿ ಕೆಲಸ ಮಾಡುವವರನ್ನು ಭೇಟಿಯಾಗಿ ಮಾತನಾಡಿಸಬೇಕು. ಮಂಗಳೂರು ಮತ್ತು ಮಣಿಪಾಲದಲ್ಲಿ ಅಂಥ ಕಟ್ಟಡಗಳೆಂದರೆ ಮೊದಲಿಗೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಅನಂತರ ಮಾಲ್‌ಗಳು ಮತ್ತು ದೊಡ್ಡ ಹೋಟೆಲ್‌ಗಳು. ಬೆಂಗಳೂರಿನಲ್ಲಾದರೆ ಐಟಿ ಪಾರ್ಕ್‌ಗಳು, ಡೇಟಾ ಸೆಂಟರ್‌ಗಳು ಮತ್ತು ಎತ್ತರದ ವಸತಿ ಸಮುಚ್ಚಯಗಳು ಇದಕ್ಕೆ ಸೇರುತ್ತವೆ.

ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. ನಿರ್ವಹಣಾ ಸಿಬ್ಬಂದಿ ಆಸ್ಪತ್ರೆಯ ಸ್ವಂತ ನೌಕರರೇ, ಅಥವಾ ಗುತ್ತಿಗೆ ಕಂಪನಿಯವರೇ ಎಂಬುದನ್ನು ಮೊದಲು ಕೇಳಬೇಕು. ಗುತ್ತಿಗೆಯಾದರೆ ಅದರ ಅವಧಿ ಎಷ್ಟು, ಗುತ್ತಿಗೆದಾರ ಬದಲಾದಾಗ ಇದ್ದವರನ್ನು ಮುಂದುವರಿಸುತ್ತಾರೆಯೇ, ಪಾಳಿ ಎಂಟು ಗಂಟೆಯದೋ ಹನ್ನೆರಡರದೋ, ರಜೆ ಹಾಕಿದವರ ಜಾಗಕ್ಕೆ ಬದಲಿ ಸಿಗುತ್ತಾರೆಯೇ ಎಂಬುದನ್ನು ಆ ಪಾಳಿಯಲ್ಲಿ ಕೆಲಸ ಮಾಡುವ ತಂತ್ರಜ್ಞರ ಬಾಯಿಂದಲೇ ತಿಳಿದುಕೊಳ್ಳಬೇಕು. ಸಂದರ್ಶನದ ದಿನ ಎಚ್‌ಆರ್ ಹೇಳುವ ಉತ್ತರಕ್ಕಿಂತ ಪ್ಲಾಂಟ್ ರೂಮಿನ ಹೊರಗೆ ಚಹಾ ಕುಡಿಯುತ್ತ ಸಿಗುವ ಉತ್ತರ ಹೆಚ್ಚು ನಿಖರವಾಗಿರುತ್ತದೆ.

ಹೆಜ್ಜೆ 2: ಲೇಬರ್ ಕಾರ್ಡಿನ ಹುದ್ದೆಗೂ ನಿಜವಾದ ಕೆಲಸಕ್ಕೂ ಇರುವ ಅಂತರವನ್ನು ಅಲ್ಲಿದ್ದಾಗಲೇ ಸರಿಪಡಿಸಿಕೊಳ್ಳಿ

ಗಲ್ಫ್‌ನಿಂದ ಮರಳುವವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಕಂಪನಿಯ ಬಳಿ ಆಗ ಯಾವ ಹುದ್ದೆಯ ವೀಸಾ ಇತ್ತೋ ಅದರ ಮೇಲೆ ಹೋದವರು ನಾವು. ಕುಂದಾಪುರದ ಕಡೆಯ ನನ್ನ ಸ್ನೇಹಿತರೊಬ್ಬರು ಹನ್ನೊಂದು ವರ್ಷ ದುಬೈನಲ್ಲಿದ್ದು, ಕೊನೆಯ ನಾಲ್ಕು ವರ್ಷ ಎರಡು ಗೋಪುರಗಳ ಹವಾನಿಯಂತ್ರಣದ ಉಸ್ತುವಾರಿ ನೋಡಿಕೊಂಡರು. ಆದರೆ ಅವರ ಲೇಬರ್ ಕಾರ್ಡಿನಲ್ಲಿ ಕೊನೆಯವರೆಗೂ ‘ಹೆಲ್ಪರ್’ ಎಂದೇ ಇತ್ತು. ಅಲ್ಲಿ ಅದರಿಂದ ಯಾರಿಗೂ ಅಡ್ಡಿಯಾಗಲಿಲ್ಲ. ಇಲ್ಲಿ ನೇಮಕಾತಿಗೆ ಮೊದಲು ಹಿನ್ನೆಲೆ ಪರಿಶೀಲನೆ ಮಾಡುವವರು ಕಾಗದದಲ್ಲಿರುವ ಹುದ್ದೆಯನ್ನೇ ಓದುತ್ತಾರೆ. ಸೂಪರ್‌ವೈಸರ್ ಎಂದು ಅರ್ಜಿಯಲ್ಲಿ ಬರೆದು ಹೆಲ್ಪರ್ ಎಂಬ ದಾಖಲೆ ಕೊಟ್ಟರೆ, ಅನುಭವವನ್ನು ಉಬ್ಬಿಸಿ ಹೇಳಿದ್ದಾರೆಂಬ ಅನುಮಾನ ಬರುವುದು ಸಹಜ.

ಯುಎಇಯಲ್ಲಿ 2022ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ, ನೌಕರರು ಕೇಳಿದರೆ ಕಂಪನಿಯು ಶುಲ್ಕವಿಲ್ಲದೆ ಅನುಭವ ಪ್ರಮಾಣಪತ್ರವನ್ನು ಕೊಡಬೇಕು. ಆದರೆ ಕೇಳದಿದ್ದರೆ ಸಾಮಾನ್ಯವಾಗಿ ಸಿಗುವುದು ಹೆಸರು, ಸೇರಿದ ದಿನ, ಬಿಟ್ಟ ದಿನ ಮತ್ತು ವೀಸಾದಲ್ಲಿರುವ ಹುದ್ದೆ ಇಷ್ಟೇ ಇರುವ ಮೂರು ಸಾಲಿನ ಪತ್ರ. ಆದ್ದರಿಂದ ನೋಟಿಸ್ ಕೊಟ್ಟ ದಿನವೇ, ಪತ್ರದಲ್ಲಿ ಏನಿರಬೇಕು ಎಂಬುದನ್ನು ನೀವೇ ಬರೆದು ನಿಮ್ಮ ಎಂಜಿನಿಯರ್‌ಗೆ ಮಿಂಚಂಚೆ ಕಳುಹಿಸಿ. ನೀವು ನೋಡಿಕೊಂಡ ಕಟ್ಟಡದ ಬಗೆ ಮತ್ತು ಮಹಡಿಗಳ ಸಂಖ್ಯೆ, ಯಂತ್ರಗಳ ವಿಧ ಮತ್ತು ಸಾಮರ್ಥ್ಯ, ನಿಮ್ಮ ಕೈಕೆಳಗಿದ್ದವರ ಸಂಖ್ಯೆ, ಯಾವ ವರ್ಷದಿಂದ ಆ ಹೊಣೆ ನಿಮ್ಮದಾಯಿತು ಎಂಬ ನಾಲ್ಕು ವಿವರಗಳು ಅದರಲ್ಲಿರಲಿ. ವೀಸಾ ಹುದ್ದೆಯನ್ನು ಮುಚ್ಚಿಡಬೇಕಾಗಿಲ್ಲ. ‘ವೀಸಾದಲ್ಲಿನ ಹುದ್ದೆ ಇದು, ನಿರ್ವಹಿಸಿದ ಕೆಲಸ ಇದು’ ಎಂದು ಎರಡನ್ನೂ ಒಂದೇ ಪತ್ರದಲ್ಲಿ ಬರೆಸಿಕೊಂಡರೆ, ಪರಿಶೀಲನೆ ಮಾಡುವವರಿಗೆ ಎದುರಾಗುವ ವ್ಯತ್ಯಾಸಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ನನ್ನ ಸ್ನೇಹಿತರಿಗೆ ಮೊದಲು ಸಿಕ್ಕಿದ್ದು ಮೂರು ಸಾಲಿನ ಪತ್ರವೇ. ಮತ್ತೆ ಬರೆಸಿಕೊಳ್ಳಲು ಅವರಿಗೆ ಹದಿನೆಂಟು ದಿನ ಹಿಡಿಯಿತು. ನೋಟಿಸ್ ಅವಧಿ ಮೂವತ್ತು ದಿನ ಇದ್ದುದರಿಂದ ಅದು ಸಾಧ್ಯವಾಯಿತು; ವಿಮಾನ ಹತ್ತಿದ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತಿತ್ತು.

ಇದರ ಜೊತೆಗೆ ತರಬೇತಿ ಪ್ರಮಾಣಪತ್ರಗಳು, ಸಂಬಳ ಜಮೆಯಾದ ಬ್ಯಾಂಕ್ ವಿವರ, ನೇಮಕಾತಿ ಹಾಗೂ ಬಡ್ತಿಯ ಪತ್ರಗಳನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕಂಪನಿಯ ಮಿಂಚಂಚೆ ಖಾತೆ ಕೊನೆಯ ದಿನ ಮುಚ್ಚಿಹೋಗುತ್ತದೆ ಎಂಬುದು ನೆನಪಿರಲಿ. ಪೊಲೀಸ್ ನಡತೆ ಪ್ರಮಾಣಪತ್ರವನ್ನು ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿರುವಾಗಲೇ ಪಡೆಯುವುದು ಸುಲಭ. ಕಟ್ಟಡದ ನಕ್ಷೆಗಳು, ಗ್ರಾಹಕರ ವಿವರಗಳಿರುವ ಕಡತಗಳನ್ನು ಮಾತ್ರ ನಕಲು ಮಾಡಿಕೊಳ್ಳಬೇಡಿ. ಅವು ನಿಮ್ಮವಲ್ಲ, ಮತ್ತು ಇಲ್ಲಿನ ಸಂದರ್ಶನದಲ್ಲಿ ಅವನ್ನು ತೋರಿಸಿದರೆ ನಿಮ್ಮ ಮೇಲಿನ ನಂಬಿಕೆಯೇ ಕಡಿಮೆಯಾಗುತ್ತದೆ.

ಹೆಜ್ಜೆ 3: ಬರಬೇಕಾದ ಹಣವನ್ನು ಸರಿಯಾಗಿ ಲೆಕ್ಕಹಾಕಿ

ಊರಿನಲ್ಲಿ ಕೆಲಸ ಸಿಗುವವರೆಗೆ ಮನೆ ನಡೆಸುವುದು ಈ ಹಣವೇ ಆದ್ದರಿಂದ, ಅದರ ಲೆಕ್ಕ ತಪ್ಪಿದರೆ ಮುಂದಿನ ಎಲ್ಲ ಲೆಕ್ಕಗಳೂ ತಪ್ಪುತ್ತವೆ. ಗ್ರಾಚ್ಯುಟಿಯನ್ನು ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕುವುದು ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು. ಕಾನೂನಿನ ಪ್ರಕಾರ ಅದು ಕೊನೆಯ ಮೂಲ ವೇತನದ ಮೇಲೆ ಮಾತ್ರ ಸಿಗುತ್ತದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಆಮೇಲಿನ ವರ್ಷಗಳಿಗೆ ವರ್ಷಕ್ಕೆ 30 ದಿನಗಳ ವೇತನ.

ನನ್ನ ಸ್ನೇಹಿತರ ಒಟ್ಟು ಸಂಬಳ 4,000 ದಿರ್ಹಮ್, ಮೂಲ ವೇತನ 2,400 ದಿರ್ಹಮ್. ದಿನದ ಮೂಲ ವೇತನ 80 ದಿರ್ಹಮ್ ಆಯಿತು. ಮೊದಲ ಐದು ವರ್ಷಗಳ 105 ದಿನಗಳಿಗೆ 8,400, ಉಳಿದ ಆರು ವರ್ಷಗಳ 180 ದಿನಗಳಿಗೆ 14,400, ಒಟ್ಟು 22,800 ದಿರ್ಹಮ್. ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದ್ದ ಅವರು 38,000 ದಿರ್ಹಮ್ ಬರುತ್ತದೆಂದು ನಂಬಿ, ಅದನ್ನು ನೆಚ್ಚಿ ಮನೆಯ ಮೇಲಿನ ಮಹಡಿಗೆ ಮುಂಗಡ ಕೊಡಲು ಹೊರಟಿದ್ದರು. ಸಂಬಳವಿಲ್ಲದೆ ಹಾಕಿದ ರಜೆಯ ದಿನಗಳು ಸೇವಾವಧಿಗೆ ಸೇರುವುದಿಲ್ಲ, ಬಳಸದೆ ಉಳಿದ ರಜೆಗೂ ಮೂಲ ವೇತನದ ಲೆಕ್ಕದಲ್ಲೇ ಹಣ ಸಿಗುತ್ತದೆ. ದುಬೈನ ಡಿಐಎಫ್‌ಸಿಯಂಥ ವಲಯಗಳಿಗೆ ಪ್ರತ್ಯೇಕ ಕಾನೂನಿದೆ.

ಒಪ್ಪಂದ ಮುಗಿದ 14 ದಿನಗಳೊಳಗೆ ಕಂಪನಿಯು ಎಲ್ಲ ಬಾಕಿಯನ್ನೂ ಕೊಡಬೇಕು. ವೀಸಾ ರದ್ದತಿಯ ಕಾಗದದಲ್ಲಿ ‘ನನಗೆ ಬರಬೇಕಾದದ್ದೆಲ್ಲ ಬಂದಿದೆ’ ಎಂಬ ಸಾಲು ಇರುತ್ತದೆ. ಹಣ ಕೈಸೇರುವ ಮುನ್ನ ಅದಕ್ಕೆ ಸಹಿ ಹಾಕಬಾರದು. ಅಲ್ಲಿನ ಬ್ಯಾಂಕಿನಲ್ಲಿ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅಂತಿಮ ಪಾವತಿ ಖಾತೆಗೆ ಬಿದ್ದ ಕೂಡಲೇ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಆದ್ದರಿಂದ ಮೊದಲೇ ತೀರಿಸಿ, ಬಾಕಿ ಇಲ್ಲವೆಂಬ ಪತ್ರವನ್ನು ಪಡೆಯಬೇಕು. ಅಲ್ಲಿನ ಸಿಮ್ ಕಾರ್ಡನ್ನು ಎಲ್ಲಕ್ಕಿಂತ ಕೊನೆಗೆ ರದ್ದು ಮಾಡಿ, ಏಕೆಂದರೆ ಅಲ್ಲಿನ ಬ್ಯಾಂಕಿನ ಒಟಿಪಿ ಬರುವುದು ಅದೇ ಸಂಖ್ಯೆಗೆ.

ಗ್ರಾಚ್ಯುಟಿಯನ್ನು ಯುಎಇ ಖಾತೆಗೇ ಪಡೆದು, ಅಲ್ಲಿಂದ ಊರಿಗೆ ಕಳುಹಿಸಿ. ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾಗಿರುವವರಿಗೆ ಭಾರತದಲ್ಲೇ ನೇರವಾಗಿ ಕೈಸೇರುವ ಆದಾಯ ಇಲ್ಲಿನ ತೆರಿಗೆಗೆ ಒಳಪಡಬಹುದು, ಹೊರಗೆ ಪಡೆದು ಆಮೇಲೆ ತಂದ ಹಣಕ್ಕೆ ಆ ಪ್ರಶ್ನೆ ಬರುವುದಿಲ್ಲ. ಇಲ್ಲೇ ನೆಲೆಸಲು ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಅಂದಿನಿಂದ ಅದರ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದಿಲ್ಲ. ದೊಡ್ಡ ಠೇವಣಿ ಇರುವವರು ಬರುವ ಮುನ್ನ ಒಬ್ಬ ಲೆಕ್ಕ ಪರಿಶೋಧಕರನ್ನು ಕಾಣುವುದು ಒಳ್ಳೆಯದು.

ಹೆಜ್ಜೆ 4: ಇಲ್ಲಿನ ಕಟ್ಟಡ ಬೇರೆ ಏನನ್ನು ಕೇಳುತ್ತದೆ ಎಂಬುದನ್ನು ಕಲಿಯಿರಿ

ದುಬೈನ ಕಟ್ಟಡಕ್ಕೆ ವಿದ್ಯುತ್ತು ಮತ್ತು ನೀರು ಹೊರಗಿನಿಂದ ಬರುತ್ತವೆ. ಕೊಳಚೆ ಹೊರಗೆ ಹೋಗುತ್ತದೆ, ಎಷ್ಟೋ ಕಡೆ ತಣ್ಣೀರೂ ಡಿಸ್ಟ್ರಿಕ್ಟ್ ಕೂಲಿಂಗ್ ಕಂಪನಿಯಿಂದಲೇ ಬರುತ್ತದೆ. ಹಾಗಾಗಿ ಅಲ್ಲಿ ‘ಚಿಲ್ಡ್ ವಾಟರ್’ ಕೆಲಸದಲ್ಲಿ ಹತ್ತು ವರ್ಷ ಅನುಭವವಿದ್ದವರು ಕೂಡ ಶಾಖ ವಿನಿಮಯಕ, ಪಂಪ್, ಎಎಚ್‌ಯು, ಎಫ್‌ಸಿಯುಗಳನ್ನು ಮಾತ್ರ ನೋಡಿರಬಹುದು. ಚಿಲ್ಲರ್‌ನ ಕಂಪ್ರೆಸರ್ ಅವರ ಕೈಗೆ ಬಂದೇ ಇರುವುದಿಲ್ಲ. ಇದನ್ನು ಸಂದರ್ಶನದಲ್ಲಿ ಸಿಕ್ಕಿಹಾಕಿಕೊಳ್ಳುವ ಮುನ್ನ ತಾವೇ ಒಪ್ಪಿಕೊಳ್ಳಬೇಕು. ಸ್ವಂತ ಚಿಲ್ಲರ್ ಇದ್ದ ಕಟ್ಟಡದಲ್ಲಿ ಕೆಲಸ ಮಾಡಿದವರಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಹೆಚ್ಚಾಗಿ ಗಾಳಿಯಿಂದ ತಣಿಸುವ ಚಿಲ್ಲರ್‌ಗಳು ಕಾಣುತ್ತವೆ, ಇಲ್ಲಿನ ದೊಡ್ಡ ಕಟ್ಟಡಗಳಲ್ಲಿ ನೀರಿನಿಂದ ತಣಿಸುವ ಚಿಲ್ಲರ್ ಮತ್ತು ಕೂಲಿಂಗ್ ಟವರ್ ಇರುತ್ತವೆ. ಆ ನೀರಿನ ಗಡಸುತನವನ್ನು ನೋಡಿಕೊಳ್ಳದಿದ್ದರೆ ಕಂಡೆನ್ಸರ್ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿ, ಚಿಲ್ಲರ್ ಅಷ್ಟೇ ತಣ್ಣೀರಿಗೆ ಹೆಚ್ಚು ವಿದ್ಯುತ್ತು ನುಂಗಲಾರಂಭಿಸುತ್ತದೆ.

ಎರಡನೆಯದು ಡಿಜಿ ಸೆಟ್. ಮೆಸ್ಕಾಂ ಅಥವಾ ಬೆಸ್ಕಾಂ ವಿದ್ಯುತ್ತು ಹೋದಾಗ ಜನರೇಟರ್ ತಾನಾಗಿ ಹೊರೆ ಹೊರುವ ವ್ಯವಸ್ಥೆ ಇದ್ದರೂ, ಚಿಲ್ಲರ್ ಮರುಚಾಲನೆಗೆ ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿ ಯಂತ್ರಕ್ಕೆ ಮೊದಲ ಆದ್ಯತೆ, ಹೊರೆಯನ್ನು ಒಟ್ಟಿಗೆ ಹಾಕದೆ ಸರದಿಯಲ್ಲಿ ಹಾಕಬೇಕು ಎಂಬಂಥ ವಿವರ ಬಲ್ಲವರನ್ನೇ ಆಸ್ಪತ್ರೆಯ ಎಂಜಿನಿಯರ್‌ಗಳು ಹುಡುಕುತ್ತಾರೆ. ಡೀಸೆಲ್ ಬಳಕೆಯ ದಿನಚರಿ ಬರೆಯುವುದೂ ಸೂಪರ್‌ವೈಸರ್ ಕೆಲಸವೇ.

ಮೂರನೆಯದು ಎಸ್‌ಟಿಪಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ. ಅಲ್ಲಿ ಇದು ನಗರಾಡಳಿತದ ಹೊಣೆ, ಇಲ್ಲಿ ದೊಡ್ಡ ಕಟ್ಟಡಗಳು ತಾವೇ ನಡೆಸಬೇಕು, ಮತ್ತು ಅದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ನನ್ನ ಸ್ನೇಹಿತರು ಊರಿಗೆ ಬಂದ ಮೊದಲ ತಿಂಗಳಲ್ಲಿ ಪರಿಚಯದವರ ಒಂದು ವಸತಿ ಸಮುಚ್ಚಯದಲ್ಲಿ ಎರಡು ವಾರ ಸಂಬಳವಿಲ್ಲದೆ ಎಸ್‌ಟಿಪಿ ಆಪರೇಟರ್ ಜೊತೆ ನಿಂತು ಕಲಿತರು. ಗಾಳಿ ತುಂಬುವ ತೊಟ್ಟಿಯ ನೀರನ್ನು ಒಂದು ಲೀಟರ್ ಅಳತೆಯ ಜಾಡಿಯಲ್ಲಿ ತುಂಬಿ ಮೂವತ್ತು ನಿಮಿಷ ಅಲುಗಾಡಿಸದೆ ಇಟ್ಟರೆ, ತಳಕ್ಕಿಳಿದ ಕೆಸರಿನ ಪ್ರಮಾಣ ಘಟಕದ ಆರೋಗ್ಯವನ್ನು ಹೇಳುತ್ತದೆ. ಕೆಸರು ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೆಚ್ಚಿನದನ್ನು ಹೊರತೆಗೆಯಬೇಕು, ನೀರು ಕಪ್ಪಾಗಿ ದುರ್ವಾಸನೆ ಬಂದರೆ ಬ್ಲೋವರ್‌ನಿಂದ ಗಾಳಿ ಸಾಲುತ್ತಿಲ್ಲ. ಎರಡು ವಾರಗಳಲ್ಲಿ ಅವರು ಪರಿಣತರೇನೂ ಆಗಲಿಲ್ಲ. ಆದರೆ ‘ಎಸ್‌ಟಿಪಿ ನೋಡಿದ್ದೀರಾ?’ ಎಂಬ ಪ್ರಶ್ನೆಗೆ ಸತ್ಯವಾಗಿ ಉತ್ತರಿಸುವಷ್ಟು ತಿಳಿದುಕೊಂಡರು, ಮತ್ತು ಆ ಪ್ರಶ್ನೆ ಅವರಿಗೆ ಮೂರೂ ಸಂದರ್ಶನಗಳಲ್ಲಿ ಬಂತು.

ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಮಾತು. ಯುಎಇಯ ಯಾವ ಕಾರ್ಡೂ ಇಲ್ಲಿ ವಿದ್ಯುತ್ ಕಾಮಗಾರಿಗೆ ಪರವಾನಗಿಯಾಗಿ ನಡೆಯುವುದಿಲ್ಲ. ಕರ್ನಾಟಕದಲ್ಲಿ ವೈರ್‌ಮನ್ ಮತ್ತು ಸೂಪರ್‌ವೈಸರ್ ಪರವಾನಗಿಯನ್ನು ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯ ಮೂಲಕವೇ ಪಡೆಯಬೇಕು. ಐಟಿಐ ಅಥವಾ ಡಿಪ್ಲೊಮಾದ ಮೂಲ ಪ್ರಮಾಣಪತ್ರ ಎಲ್ಲಿದೆ ಎಂಬುದನ್ನು ಈಗಲೇ ಹುಡುಕಿಡಿ.

ಹೆಜ್ಜೆ 5: ಅರ್ಜಿಯಲ್ಲಿ ಸಂಬಳದ ಸಾಲನ್ನು ಎಚ್ಚರದಿಂದ ತುಂಬಿ

ನೌಕ್ರಿ, ಲಿಂಕ್ಡ್‌ಇನ್‌ನಂಥ ತಾಣಗಳಲ್ಲಿ ನೇಮಕಾತಿ ಮಾಡುವವರು ಊರು ಮತ್ತು ಸಂಬಳವನ್ನಿಟ್ಟು ಜರಡಿ ಹಿಡಿಯುತ್ತಾರೆ. 4,000 ದಿರ್ಹಮನ್ನು 23 ರೂಪಾಯಿಯಂತೆ ಗುಣಿಸಿದರೆ ತಿಂಗಳಿಗೆ 92,000, ವರ್ಷಕ್ಕೆ 11 ಲಕ್ಷ ದಾಟುತ್ತದೆ. ಈ ಸಂಖ್ಯೆ ನೋಡಿದವರು ನಿಮ್ಮನ್ನು ಕರೆಯುವುದೇ ಇಲ್ಲ. ಸುಳ್ಳು ಬರೆಯಬೇಕಾಗಿಲ್ಲ. ಈಗಿನ ಸಂಬಳವನ್ನು ಇದ್ದಂತೆ ಕೊಟ್ಟು, ನಿರೀಕ್ಷಿತ ಸಂಬಳದ ಜಾಗದಲ್ಲಿ ಇಲ್ಲಿನ ದರಕ್ಕೆ ಹೊಂದುವ ಮೊತ್ತವನ್ನು ಬರೆದು, ಮೊದಲ ಸಾಲಿನಲ್ಲೇ ‘ಖಾಯಂ ಆಗಿ ಮರಳಿದ್ದೇನೆ, ಕೂಡಲೇ ಸೇರಬಲ್ಲೆ’ ಎಂದು ಹೇಳಿ. ಇಲ್ಲಿ ಕೆಲಸ ಬದಲಿಸುವವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ನೋಟಿಸ್ ಅವಧಿ ಇರುವುದರಿಂದ, ಕೂಡಲೇ ಸೇರುವವರೆಂಬುದು ನಿಮಗಿರುವ ನಿಜವಾದ ಅನುಕೂಲ. ಇಲ್ಲಿನ ಫೋನ್ ಸಂಖ್ಯೆ ಕೊಡುವುದನ್ನು ಮರೆಯಬೇಡಿ. ಅದೇ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂಬುದನ್ನೂ ಬಂದ ವಾರದಲ್ಲೇ ನೋಡಿ. ವರ್ಷಗಳ ಹಿಂದೆ ಸ್ಥಗಿತಗೊಂಡ ಹಳೆಯ ಸಿಮ್ ಅಲ್ಲಿ ದಾಖಲಾಗಿದ್ದರೆ ಪಿಎಫ್, ಬ್ಯಾಂಕ್, ಪ್ಯಾನ್ ಎಲ್ಲವೂ ಒಟಿಪಿ ಇಲ್ಲದೆ ನಿಂತುಬಿಡುತ್ತವೆ.

ಹೆಜ್ಜೆ 6: ಸಿಟಿಸಿಯನ್ನು ಕೈಗೆ ಬರುವ ಹಣವಾಗಿ ಇಳಿಸಿ ಹೋಲಿಸಿ

ದುಬೈನಲ್ಲಿ ಹೇಳಿದ ಸಂಬಳವೇ ಕೈಗೆ ಬರುತ್ತಿತ್ತು, ರೂಮು ಮತ್ತು ವಾಹನ ಕಂಪನಿಯದು. ಇಲ್ಲಿ ಹೇಳುವುದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಕಂಪನಿ ನಿಮಗಾಗಿ ಕಟ್ಟುವ ಪಿಎಫ್, ಮುಂದೆಂದೋ ಸಿಗುವ ಗ್ರಾಚ್ಯುಟಿ, ವಿಮೆಯ ಕಂತು ಎಲ್ಲವೂ ಸೇರಿರುತ್ತವೆ.

ಸ್ನೇಹಿತರಿಗೆ ಎರಡು ಕಡೆಯಿಂದ ಕೆಲಸ ಬಂತು. ಬೆಂಗಳೂರಿನದು ವರ್ಷಕ್ಕೆ 4,80,000, ಅಂದರೆ ತಿಂಗಳಿಗೆ 40,000 ರೂಪಾಯಿ. ಅದರಲ್ಲಿ ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆ 962, ವಿಮೆಗೆ 500 ಕಳೆದರೆ 36,738 ಉಳಿಯುತ್ತದೆ. ಅದರಿಂದ ಅವರ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಹೋಗಿ ಕೈಗೆ 34,738 ಬರುತ್ತಿತ್ತು. ಈ ಮಟ್ಟದ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಇಲ್ಲ. ಉಡುಪಿ ಕಡೆಯ ಆಸ್ಪತ್ರೆಯದು ತಿಂಗಳಿಗೆ 30,000. ಅದೇ ರೀತಿ ಇಳಿಸಿದಾಗ ಕೈಗೆ ಸುಮಾರು 25,000. ಮೇಲ್ನೋಟಕ್ಕೆ ಬೆಂಗಳೂರು ಹತ್ತು ಸಾವಿರದಷ್ಟು ಮುಂದಿತ್ತು. ಆದರೆ ಅಲ್ಲಿ ಸಣ್ಣ ಮನೆಗೆ 12,000 ಬಾಡಿಗೆ ಕೊಟ್ಟರೆ ಉಳಿಯುವುದು 22,700. ಉಡುಪಿಗಾದರೆ ಸ್ವಂತ ಮನೆಯಿಂದ ಬಸ್ಸಿನ ಖರ್ಚು 2,000 ಕಳೆದು 23,000 ಉಳಿಯುತ್ತದೆ. ಬೆಂಗಳೂರಿನ ಬಾಡಿಗೆ ಮನೆಗೆ ಕೊಡಬೇಕಾದ ಮುಂಗಡ ಇದರಲ್ಲಿ ಸೇರಿಲ್ಲ.

ಹಣ ಸಮವಾದ ಮೇಲೆ ನೋಡಬೇಕಾದದ್ದು ಮುಂದಿನ ಮೂರು ವರ್ಷ. ದೊಡ್ಡ ಪ್ಲಾಂಟ್, ಬೇಗ ಬಡ್ತಿ ಬೇಕೆಂದರೆ ಬೆಂಗಳೂರೇ ಸರಿ ಎಂಬುದು ನನ್ನ ಅಭಿಪ್ರಾಯ, ವಿಶೇಷವಾಗಿ ನಲವತ್ತು ದಾಟದವರಿಗೆ. ನಲವತ್ತಮೂರು ವಯಸ್ಸಿನ ಸ್ನೇಹಿತರು ಉಡುಪಿಯನ್ನು ಆರಿಸಿದರು. ಅಲ್ಲಿ ಅವರು ಗುತ್ತಿಗೆಯವರಾಗಿರದೆ ಆಸ್ಪತ್ರೆಯ ಸ್ವಂತ ನೌಕರರಾಗಿದ್ದುದು ಮತ್ತು ಎಂಟು ಗಂಟೆಯ ಪಾಳಿ ಇದ್ದುದು ಅದಕ್ಕೆ ಕಾರಣ. ಮೊದಲ ಸಂಬಳ ಬರುವವರೆಗೆ ನಾಲ್ಕು ತಿಂಗಳು ಹಿಡಿಯಿತು, ಆ ನಾಲ್ಕು ತಿಂಗಳು ಮನೆ ನಡೆದದ್ದು ಗ್ರಾಚ್ಯುಟಿಯಿಂದ. ಮೇಲಿನ ಮಹಡಿಯ ಕೆಲಸವನ್ನು ಅವರು ಮುಂದೂಡಿದರು.

ಕುಟುಂಬದ ಆರೋಗ್ಯ ವಿಮೆಯನ್ನು ಮಾತ್ರ ಕೆಲಸ ಸಿಗಲೆಂದು ಕಾಯದೆ ಮಾಡಿಸಬೇಕು. ಅಲ್ಲಿನ ಕಂಪನಿಯ ವಿಮೆ ವೀಸಾದೊಂದಿಗೆ ಮುಗಿಯುತ್ತದೆ. ಇಲ್ಲಿನ ವೈಯಕ್ತಿಕ ವಿಮೆಯಲ್ಲಿ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದಾದ್ದರಿಂದ, ಆ ಅವಧಿ ಆದಷ್ಟು ಬೇಗ ಆರಂಭವಾಗುವುದು ಲೇಸು.

ಹೆಜ್ಜೆ 7: ಸೇರಿದ ಮೊದಲ ಮೂರು ತಿಂಗಳಲ್ಲಿ ಪರಿಶೀಲಿಸಬೇಕಾದದ್ದು

ಗಲ್ಫ್‌ಗೆ ಹೋಗುವ ಮೊದಲು ಊರಿನಲ್ಲಿ ಕೆಲಸ ಮಾಡಿದವರಿಗೆ ಹಳೆಯ ಪಿಎಫ್ ಖಾತೆ ಇರುವ ಸಾಧ್ಯತೆ ಇದೆ. ಹೊಸದಾಗಿ ಮತ್ತೊಂದು ಯುಎಎನ್, ಅಂದರೆ ಪಿಎಫ್ ಸದಸ್ಯರ ಖಾಯಂ ಸಂಖ್ಯೆ, ಮಾಡಿಸದೆ ಹಳೆಯದನ್ನೇ ಜೋಡಿಸಿ, ಏಕೆಂದರೆ ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಸೇವೆಯಲ್ಲಿ ಆ ವರ್ಷಗಳೂ ಲೆಕ್ಕಕ್ಕೆ ಬರಬಹುದು. ಗುತ್ತಿಗೆ ಕಂಪನಿಗೆ ಸೇರಿದವರು ಇನ್ನೊಂದನ್ನು ನೋಡಲೇಬೇಕು. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತವಾಗಿದ್ದರೂ ಅದು ಖಾತೆಗೆ ಜಮೆಯಾಗಿಲ್ಲದ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಎರಡನೆಯ ಸಂಬಳ ಬಂದ ಮೇಲೆ ಇಪಿಎಫ್‌ಒ ಪಾಸ್‌ಬುಕ್ ತೆರೆದು ಮೊದಲ ತಿಂಗಳ ಎರಡೂ ಪಾಲು ಅಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಮೊದಲು ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಿ. ಮೂರನೆಯ ತಿಂಗಳಿಗೂ ಬಾರದಿದ್ದರೆ ಇಪಿಎಫ್‌ಒ ದೂರು ತಾಣದಲ್ಲಿ ಸಂಬಳದ ಚೀಟಿಗಳನ್ನು ಲಗತ್ತಿಸಿ ದೂರು ದಾಖಲಿಸಿ, ಪರೀಕ್ಷಾರ್ಥ ಅವಧಿ ಮುಗಿಯುವ ಮುನ್ನವೇ ಬೇರೆ ಕಡೆ ಅರ್ಜಿ ಹಾಕಲು ಆರಂಭಿಸಿ.